ಐದು ಲೀಟರ್ ಕುಕ್ಕರ್ ಕೇಳಿದರೆ ಮೂರು ಲೀಟರಿನದು ಬಂತು: ಮೊದಲ ದೂರಿನ ಇಮೇಲ್ ಹೇಗೆ ಬರೆಯಬೇಕು?

ಪ್ರಶ್ನೆ: ಮೇಡಂ, ಶಿರಸಿಯಲ್ಲಿರುವ ಅಮ್ಮನಿಗೆ ಅಂತ ಆನ್‌ಲೈನಿನಲ್ಲಿ ಐದು ಲೀಟರಿನ ಕುಕ್ಕರ್ ತರಿಸಿದೆ, ಇಂಡಕ್ಷನ್ ಒಲೆ ಮೇಲೂ ಇಡಬಹುದಾದದ್ದು. ಜೂನ್ 2ಕ್ಕೆ ಆರ್ಡರ್ ಮಾಡಿದ್ದು, 6ಕ್ಕೆ ಬಂತು. ಅಮ್ಮ 10ಕ್ಕೆ ಬಿಚ್ಚಿ ನೋಡಿದರೆ ಮೂರು ಲೀಟರಿನದು, ಇಂಡಕ್ಷನ್ ತಳವೂ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಇಮೇಲ್ ಹಾಕಿ ಅಂದರು. ಸಿಟ್ಟಲ್ಲಿ ಎರಡು ಪುಟ ಬರೆದಿಟ್ಟಿದ್ದೇನೆ, ಇನ್ನೂ ಕಳಿಸಿಲ್ಲ. ಬಿಚ್ಚುವಾಗ ವಿಡಿಯೊ ತೆಗೆದಿಲ್ಲ ಅಂದ್ರೆ ದೂರು ನಿಲ್ಲೋದೇ ಇಲ್ಲ ಅಂತಾರೆ ಪಕ್ಕದ ಮನೆಯವರು. ಗ್ರಾಹಕರ ಕೋರ್ಟಿಗೆ ಹೋಗ್ತೀನಿ ಅಂತ ಮೊದಲೇ ಬರೆದುಬಿಡಲಾ? ವಾಪಸ್ ಮಾಡೋಕೆ 13ರವರೆಗೆ ಮಾತ್ರ ಟೈಮ್ ಇದೆ.
— ದಾವಣಗೆರೆಯ ಓದುಗರು

ಉತ್ತರ: ಗಡುವು ಹತ್ತಿರ ಇದ್ದದ್ದರಿಂದ ನಿಮಗೆ ಆವತ್ತೇ ನಾಲ್ಕು ಸಾಲು ಬರೆದು ಕಳಿಸಿದ್ದೆ. ಇಂಥದ್ದೇ ಪ್ರಶ್ನೆ ಬೇರೆಯವರಿಂದಲೂ ಬರುತ್ತಿರುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಆ ವಿಡಿಯೊ ವಿಷಯ ಮುಗಿಸಿಬಿಡೋಣ. ಪೊಟ್ಟಣ ಬಿಚ್ಚುವಾಗ ವಿಡಿಯೊ ಇರಲೇಬೇಕು ಅಂತ ಯಾವ ಕಾನೂನಿನಲ್ಲೂ ಇಲ್ಲ. ಕೆಲವು ಮಾರಾಟಗಾರರು ತಮ್ಮ ಷರತ್ತುಗಳಲ್ಲಿ ಹಾಗೆ ಬರೆದುಕೊಂಡಿರುತ್ತಾರೆ, ಅಷ್ಟೇ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಅಥವಾ ಒಪ್ಪಿಕೊಂಡ ಗುಣಲಕ್ಷಣ ಇಲ್ಲದ ವಸ್ತು ಕೊಟ್ಟಿದ್ದರೆ, ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಹಣ ಕೊಡುವುದಿಲ್ಲ ಅಂತ ಮಾರಾಟಗಾರ ಹೇಳುವ ಹಾಗಿಲ್ಲ. ವಿಡಿಯೊ ಇದ್ದರೆ ಕೆಲಸ ಸುಲಭ, ನಿಜ. ಇಲ್ಲದಿದ್ದರೆ ಬೇರೆ ಪುರಾವೆಯನ್ನು ಅಚ್ಚುಕಟ್ಟಾಗಿ ಜೋಡಿಸಬೇಕು.

ಆ 13ನೇ ತಾರೀಖಿನ ಬಗ್ಗೆಯೂ ಒಂದು ಮಾತು. ಅದು ಮಾರಾಟಗಾರ ಇಟ್ಟುಕೊಂಡ ಗಡುವು. ಅದು ದಾಟಿದರೆ ನಿಮ್ಮ ಹಕ್ಕು ಮುಗಿಯುವುದಿಲ್ಲ, ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಕಾಲಾವಕಾಶ ಇದೆ. ಆದರೆ ಸಲೀಸಾದ ದಾರಿ ಮಾತ್ರ ಮುಚ್ಚಿಹೋಗುತ್ತದೆ. ಈ ಗಡುವಿನೊಳಗೆ ಆಗಬೇಕಾದದ್ದು ಇಮೇಲ್ ಅಲ್ಲ, ಆ್ಯಪ್‌ನಲ್ಲಿ ವಾಪಸಾತಿ ಕೋರಿಕೆ. ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಸಮಯಕ್ಕೆ ಸರಿಯಾಗಿ ಇಮೇಲ್ ಹಾಕಿ ನಿಶ್ಚಿಂತೆಯಿಂದ ಇರುತ್ತಾರೆ. ಕಂಪನಿಯ ಕಂಪ್ಯೂಟರ್ ನೋಡುವುದು ಆ್ಯಪ್‌ನಲ್ಲಿ ಗುಂಡಿ ಒತ್ತಿದ ದಿನವನ್ನು ಮಾತ್ರ. ಹಾಗಾಗಿ ಮೊದಲು ಆ್ಯಪ್, ಆಮೇಲೆ ಇಮೇಲ್.

ಆ್ಯಪ್‌ನಲ್ಲಿ ಕಾರಣ ಆರಿಸುವಾಗ ಅವಸರ ಬೇಡ. 'ನನಗೆ ಬೇಡವಾಯಿತು' ಅನ್ನುವುದು ಸಾಮಾನ್ಯವಾಗಿ ಪಟ್ಟಿಯ ಮೇಲ್ಗಡೆಯೇ ಇರುತ್ತದೆ, ಬೆರಳು ಅಲ್ಲಿಗೇ ಹೋಗುತ್ತದೆ. ಅದನ್ನು ಒತ್ತಿದರೆ ನೀವು ಮನಸ್ಸು ಬದಲಾಯಿಸಿದ್ದೀರಿ ಅಂತ ಲೆಕ್ಕ, ಸಾಗಣೆ ಖರ್ಚು ನಿಮ್ಮ ತಲೆಗೆ ಬರಬಹುದು. 'ಬೇರೆ ವಸ್ತು ಬಂದಿದೆ' ಅನ್ನುವುದನ್ನು ಹುಡುಕಿ ಆರಿಸಿ. ಆಗ ಒಂದು ಕೋರಿಕೆ ಸಂಖ್ಯೆ ಬರುತ್ತದೆ. ಅದು ಇಮೇಲ್‌ಗೆ ಬೇಕು.

ಇನ್ನು ಇಮೇಲ್. ನಾನು ಕೆಲವು ವರ್ಷ ಒಂದು ಆನ್‌ಲೈನ್ ಮಾರಾಟ ಕಂಪನಿಯ ದೂರು ವಿಭಾಗದಲ್ಲಿದ್ದೆ. ಈಗ ಗ್ರಾಹಕರ ಕಡೆ ಕೂತು ದೂರು ಬರೆದುಕೊಡುತ್ತೇನೆ. ಎರಡೂ ಕಡೆ ನೋಡಿದ್ದರಿಂದ ಹೇಳುತ್ತೇನೆ, ಈ ಇಮೇಲ್‌ಗೆ ಓದುಗರು ಇಬ್ಬರು. ಒಬ್ಬರು ಇವತ್ತು ಓದುವವರು. ಅವರ ಮುಂದೆ ಇನ್ನೂ ಎಷ್ಟೋ ದೂರುಗಳು ಸಾಲು ನಿಂತಿರುತ್ತವೆ. ಆರ್ಡರ್ ಸಂಖ್ಯೆ ಎಲ್ಲಿ, ತೊಂದರೆ ಏನು, ಇವರಿಗೆ ಏನು ಬೇಕು, ಈ ಮೂರು ಕಣ್ಣಿಗೆ ಬಿದ್ದರೆ ಅಲ್ಲೇ ಕೆಲಸ ಮುಗಿಸುತ್ತಾರೆ. ಸಿಗದಿದ್ದರೆ 'ದಯವಿಟ್ಟು ಆರ್ಡರ್ ವಿವರ ಕಳಿಸಿ' ಅಂತ ಸಿದ್ಧ ಉತ್ತರ ಒಗೆದು ಮುಂದೆ ಹೋಗುತ್ತಾರೆ. ನಿಮಗೆ ಎರಡು ದಿನ ಹೋಯಿತು. ಇನ್ನೊಬ್ಬರು, ವಿಷಯ ಇಲ್ಲಿಗೆ ಬಗೆಹರಿಯದಿದ್ದರೆ ತಿಂಗಳುಗಳು ಕಳೆದ ಮೇಲೆ ಓದುವವರು. ಕಂಪನಿಯ ಕುಂದುಕೊರತೆ ಅಧಿಕಾರಿ ಇರಬಹುದು, ಗ್ರಾಹಕ ಆಯೋಗವೇ ಇರಬಹುದು. ಅವರಿಗೆ ನಿಮ್ಮ ಕಥೆ ಏನೂ ಗೊತ್ತಿರುವುದಿಲ್ಲ. ಯಾವ ದಿನ ಏನಾಯಿತು ಅನ್ನುವುದು ಈ ಒಂದು ಇಮೇಲ್‌ನಿಂದಲೇ ತಿಳಿಯಬೇಕು. ಸಿಟ್ಟಿನಲ್ಲಿ ಬರೆದ ಎರಡು ಪುಟ ಇಬ್ಬರಿಗೂ ಉಪಯೋಗಕ್ಕೆ ಬರುವುದಿಲ್ಲ.

ಬರೆಯಲು ಕೂರುವ ಮೊದಲು ಅಮ್ಮನಿಗೆ ಫೋನ್ ಮಾಡಿ, ಪೊಟ್ಟಣದ ಮೇಲಿನ ಲೇಬಲ್ ಓದಿಸಿ. ತಪ್ಪು ಎಲ್ಲಿ ಆಯಿತು ಅನ್ನುವ ಸುಳಿವು ಅಲ್ಲೇ ಇರುತ್ತದೆ. ಲೇಬಲ್ ಮೇಲೆ ಬೇರೆ ಯಾರದೋ ಹೆಸರಿದ್ದರೆ ಎರಡು ಪೊಟ್ಟಣ ಅದಲುಬದಲಾಗಿವೆ, ನಿಮ್ಮ ಕುಕ್ಕರ್ ಬೇರೆಯವರ ಮನೆಯಲ್ಲಿದೆ ಅಂತ ಅರ್ಥ. ಲೇಬಲ್ಲೂ ಒಳಗಿನ ಇನ್‌ವಾಯ್ಸೂ ನಿಮ್ಮದೇ, ಆದರೆ ಕಂಪನಿಯ ಡಬ್ಬದ ಮೇಲೇ '3 ಲೀಟರ್' ಅಂತ ಅಚ್ಚಾಗಿದ್ದರೆ ಗೋದಾಮಿನಲ್ಲಿ ಪಕ್ಕದ ಡಬ್ಬಕ್ಕೆ ಕೈ ಹಾಕಿದ್ದಾರೆ. ಇದೇ ಜಾಸ್ತಿ ಆಗುವುದು. ಡಬ್ಬದ ಮೇಲೆ '5 ಲೀಟರ್' ಅಂತಿದ್ದು ಒಳಗೆ ಮೂರು ಲೀಟರಿನದು ಇದ್ದರೆ ಸ್ವಲ್ಪ ತಲೆನೋವು. ಹಿಂದೆ ಯಾರೋ ಬೇರೆ ವಸ್ತು ಇಟ್ಟು ವಾಪಸ್ ಕಳಿಸಿದ ಡಬ್ಬ ಪರೀಕ್ಷೆ ಇಲ್ಲದೆ ನಿಮಗೆ ಬಂದಿರಬಹುದು. ಇಂಥ ಕಡೆ ಮಾರಾಟಗಾರ ನಿಮ್ಮ ಮೇಲೇ ಅನುಮಾನ ಪಡುವ ಸಾಧ್ಯತೆ ಇದೆ, ಹಾಗಾಗಿ ಡಬ್ಬದ ಫೋಟೊ ತಪ್ಪದೆ ಇರಬೇಕು. ಕಾರಣ ಏನಿರಬಹುದು ಅಂತ ಇಮೇಲ್‌ನಲ್ಲಿ ಊಹೆ ಮಾಡಬೇಡಿ. ಡಬ್ಬದ ಮೇಲೆ ಏನಿತ್ತು, ಒಳಗೆ ಏನಿತ್ತು, ಇಷ್ಟು ಹೇಳಿದರೆ ಸಾಕು.

ನಿಮ್ಮದು ಎರಡನೆಯ ಥರದ್ದು ಅಂತ ಆಮೇಲೆ ತಿಳಿಸಿದ್ದಿರಿ. ಅದಕ್ಕೆ ತಕ್ಕ ಹಾಗೆ ಹೀಗೆ ಬರೆಯಬಹುದು. ಸಂಖ್ಯೆಗಳು ಬರೀ ಮಾದರಿಗೆ:

> ವಿಷಯ: ಬೇರೆ ವಸ್ತು ಬಂದಿದೆ, ಆರ್ಡರ್ OD-7741-2093, ಡೆಲಿವರಿ 6 ಜೂನ್ 2025
>
> ನಮಸ್ಕಾರ,
>
> ನಾನು ಆರ್ಡರ್ ಮಾಡಿದ್ದು 5 ಲೀಟರ್ ಅಲ್ಯೂಮಿನಿಯಂ ಪ್ರೆಷರ್ ಕುಕ್ಕರ್, ಇಂಡಕ್ಷನ್ ತಳ ಇರುವುದು. ಬಂದಿರುವುದು 3 ಲೀಟರ್ ಕುಕ್ಕರ್, ಇಂಡಕ್ಷನ್ ತಳ ಇಲ್ಲ. ಪೊಟ್ಟಣದ ಲೇಬಲ್ ಮತ್ತು ಇನ್‌ವಾಯ್ಸ್ ನನ್ನ ಆರ್ಡರಿನವೇ. ಒಳಗಿನ ಡಬ್ಬದ ಮೇಲೆ '3 ಲೀಟರ್' ಎಂದಿದೆ.
>
> ಆರ್ಡರ್: OD-7741-2093, 2 ಜೂನ್ 2025
> ಇನ್‌ವಾಯ್ಸ್: 1186, 3 ಜೂನ್ 2025
> ಕೊರಿಯರ್ ಟ್ರ್ಯಾಕಿಂಗ್ ಸಂಖ್ಯೆ: 50918846
> ಪಾವತಿ: ₹2,349, ಯುಪಿಐ ಮೂಲಕ, 2 ಜೂನ್ 2025
> ಡೆಲಿವರಿ: 6 ಜೂನ್ 2025, ಶಿರಸಿಯ ವಿಳಾಸಕ್ಕೆ
> ಪೊಟ್ಟಣ ಬಿಚ್ಚಿದ್ದು: 10 ಜೂನ್ 2025
> ಕಸ್ಟಮರ್ ಕೇರ್‌ಗೆ ಫೋನ್: 10 ಜೂನ್ 2025, ಸಂಜೆ 5.20. ಇಮೇಲ್ ಕಳಿಸಲು ಹೇಳಿದರು, ದೂರು ಸಂಖ್ಯೆ ಕೊಡಲಿಲ್ಲ.
> ಆ್ಯಪ್‌ನಲ್ಲಿ ವಾಪಸಾತಿ ಕೋರಿಕೆ: R-30952, 11 ಜೂನ್ 2025
>
> ಕುಕ್ಕರನ್ನು ಬಳಸಿಲ್ಲ. ಡಬ್ಬ, ಕವರು ಎಲ್ಲ ಹಾಗೇ ಇವೆ.
>
> ಆರ್ಡರ್ ಮಾಡಿದ 5 ಲೀಟರಿನ ಕುಕ್ಕರನ್ನೇ ಕಳಿಸಿ, ಈಗ ಬಂದಿರುವುದನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ತೆಗೆದುಕೊಳ್ಳಿ. ಅದು ಸ್ಟಾಕ್ ಇಲ್ಲದಿದ್ದರೆ ಪೂರ್ತಿ ₹2,349ನ್ನು ನಾನು ಪಾವತಿಸಿದ ಖಾತೆಗೇ ಮರಳಿಸಿ. 18 ಜೂನ್ 2025ರ ಒಳಗೆ ಯಾವುದು ಮಾಡುತ್ತೀರಿ ಎಂದು ಈ ಇಮೇಲ್‌ಗೇ ಉತ್ತರಿಸಿ, ದೂರು ಸಂಖ್ಯೆಯನ್ನೂ ತಿಳಿಸಿ.
>
> ವಾಪಸ್ ಒಯ್ಯಲು ಬರುವವರಿಗೆ, ತೆಗೆದುಕೊಳ್ಳಬೇಕಾದ ವಸ್ತು 3 ಲೀಟರಿನ ಕುಕ್ಕರ್ ಎಂದು ಮೊದಲೇ ತಿಳಿಸಿರಿ.
>
> ಜೊತೆಗೆ: ಇನ್‌ವಾಯ್ಸ್, ನಾಲ್ಕು ಫೋಟೊ, ಆರ್ಡರ್ ಪುಟದ ಸ್ಕ್ರೀನ್‌ಶಾಟ್.
>
> (ಹೆಸರು, ಆರ್ಡರ್ ಮಾಡಿದ ಮೊಬೈಲ್ ಸಂಖ್ಯೆ)

ಇದರಲ್ಲಿ ಕೆಲವು ಸಾಲುಗಳು ಯಾಕಿವೆ ಅಂತ ಹೇಳಬೇಕು.

ತಾರೀಖುಗಳೇ ಈ ಇಮೇಲ್‌ನ ಬೆನ್ನೆಲುಬು. 'ಕಳೆದ ವಾರ ಬಂತು', 'ಮೊನ್ನೆ ಫೋನ್ ಮಾಡಿದ್ದೆ' ಅಂತ ಬರೆದರೆ ಇವತ್ತು ಅರ್ಥವಾಗುತ್ತದೆ, ಆರು ತಿಂಗಳ ಮೇಲೆ ಯಾರಿಗೂ ಆಗುವುದಿಲ್ಲ. 06/07 ಅಂತ ಅಂಕಿಯಲ್ಲಿ ಬರೆದರೆ ಜೂನ್ ಏಳೋ ಜುಲೈ ಆರೋ ಅನ್ನುವ ಗೊಂದಲ ಬೇರೆ. ತಿಂಗಳ ಹೆಸರನ್ನು ಅಕ್ಷರದಲ್ಲೇ ಹಾಕಿ. ಆರ್ಡರ್ ದಿನ, ಇನ್‌ವಾಯ್ಸ್ ದಿನ, ಡೆಲಿವರಿ ದಿನ ಮೂರೂ ಬೇರೆ ಬೇರೆ ಇರುತ್ತವೆ. ಇನ್‌ವಾಯ್ಸ್ ಹುಟ್ಟುವುದು ಎಷ್ಟೋ ಸಲ ವಸ್ತು ಪ್ಯಾಕ್ ಆಗುವ ದಿನ, ನೀವು ಹಣ ಕಟ್ಟಿದ ದಿನ ಅಲ್ಲ. ಗೋದಾಮಿನವರು ಹುಡುಕುವುದು ಆ ಇನ್‌ವಾಯ್ಸ್ ಸಂಖ್ಯೆ ಹಿಡಿದೇ. ಇನ್ನೊಂದು ಸಂಗತಿ ನೋಡಿ: ಆ್ಯಪ್‌ನಲ್ಲಿ 5ಕ್ಕೇ ಡೆಲಿವರಿ ಆಗಿದೆ ಅಂತ ತೋರಿಸಿ, ಪೊಟ್ಟಣ ಕೈಗೆ ಬಂದದ್ದು 6ಕ್ಕೆ ಆಗಿರುತ್ತದೆ. ಕೊರಿಯರ್ ಹುಡುಗರು ದಿನದ ಲೆಕ್ಕ ಮುಗಿಸಲು ಹಾಗೆ ಮಾಡುವುದುಂಟು. ಆಗ ಎರಡನ್ನೂ ಬರೆಯಿರಿ, 'ಆ್ಯಪ್‌ನಲ್ಲಿ 5 ಎಂದಿದೆ, ಕೈಗೆ ಬಂದದ್ದು 6ಕ್ಕೆ' ಅಂತ. ವಾಪಸಾತಿ ಗಡುವನ್ನು ಅವರು ಲೆಕ್ಕ ಹಾಕುವುದು ಆ್ಯಪ್‌ನ ತಾರೀಖಿನಿಂದ.

ಅಮ್ಮ ನಾಲ್ಕು ದಿನ ತಡವಾಗಿ ಬಿಚ್ಚಿದ್ದನ್ನು ಮುಚ್ಚಿಡಬೇಕು ಅನ್ನಿಸಬಹುದು. ಬೇಡ. ಡೆಲಿವರಿ ದಿನ ಅವರ ಬಳಿ ಇದ್ದೇ ಇದೆ. ನೀವೇ ನೇರವಾಗಿ ಹೇಳಿದರೆ ಅದು ಬರೀ ಒಂದು ವಿವರ. ಅವರೇ ಪತ್ತೆ ಹಚ್ಚಿ ಕೇಳಿದರೆ ಅನುಮಾನಕ್ಕೆ ದಾರಿ. ತಡ ಯಾಕಾಯಿತು ಅಂತ ಕಾರಣ ಕೊಡುವ ಅಗತ್ಯವೂ ಇಲ್ಲ.

ಏನು ಬೇಕು ಅನ್ನುವುದನ್ನು ಒಂದೇ ಅರ್ಥ ಬರುವ ಹಾಗೆ ಕೇಳಿ. 'ದಯವಿಟ್ಟು ಕ್ರಮ ಕೈಗೊಳ್ಳಿ' ಅಂತ ಬಿಟ್ಟರೆ ಅವರಿಗೆ ಅಗ್ಗವಾದದ್ದೇ ಕ್ರಮ ಆಗುತ್ತದೆ. ಮುಂದಿನ ಖರೀದಿಗೆ ಕೂಪನ್ ಕೊಡಬಹುದು, ಹಣವನ್ನು ಆ್ಯಪ್‌ನ ವ್ಯಾಲೆಟ್‌ಗೆ ಹಾಕಬಹುದು. ಅದಕ್ಕೇ 'ಪಾವತಿಸಿದ ಖಾತೆಗೇ' ಅಂತ ಸೇರಿಸಿರುವುದು. ಕೆಲವು ಸಲ 'ಬಂದದ್ದನ್ನೇ ಇಟ್ಟುಕೊಳ್ಳಿ, ಮುನ್ನೂರು ರೂಪಾಯಿ ವಾಪಸ್ ಕೊಡುತ್ತೇವೆ' ಅಂತಾರೆ. ಮೂರು ಲೀಟರಿನದೇ ಸಾಕು ಅನ್ನಿಸಿದರೆ ತಪ್ಪೇನಿಲ್ಲ, ಆದರೆ ಒಪ್ಪಿ ಉತ್ತರ ಕಳಿಸಿದರೆ ದೂರು ಅಲ್ಲಿಗೆ ಮುಗಿದ ಹಾಗೆ. ಬದಲಿ ವಸ್ತು ಕೇಳುವುದರಲ್ಲೂ ಒಂದು ಅಪಾಯ ಇದೆ. ಸ್ಟಾಕ್ ಬರಲಿ ಅಂತ ವಾರಗಟ್ಟಲೆ ಕಾಯಿಸುತ್ತಾರೆ. ಸ್ಟಾಕ್ ಇಲ್ಲದಿದ್ದರೆ ಹಣ ಅಂತ ಮೊದಲೇ ಹೇಳಿ, ಗಡುವಿನ ತಾರೀಖನ್ನೂ ಹಾಕಿದರೆ ಈ ಎಳೆದಾಟ ಕಡಿಮೆ. ಒಂದು ವಾರ ಕೊಡುವುದು ನ್ಯಾಯ. 'ಇಪ್ಪತ್ತನಾಲ್ಕು ಗಂಟೆಯೊಳಗೆ' ಅಂದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ವಾಪಸ್ ಒಯ್ಯುವವರ ಬಗ್ಗೆ ಇರುವ ಸಾಲನ್ನು ಸುಮ್ನೆ ಹಾಕಿಲ್ಲ. ಬೇರೆ ವಸ್ತು ಬಂದ ದೂರುಗಳು ಹೆಚ್ಚಾಗಿ ಕೆಡುವುದೇ ಇಲ್ಲಿ. ಪೊಟ್ಟಣ ಒಯ್ಯಲು ಬರುವ ಹುಡುಗನ ಮೊಬೈಲ್‌ನಲ್ಲಿ ಇರುವುದು ನೀವು ಆರ್ಡರ್ ಮಾಡಿದ ಐದು ಲೀಟರ್ ಕುಕ್ಕರಿನ ಫೋಟೊ. ನಿಮ್ಮ ಕೈಯಲ್ಲಿರುವುದು ಮೂರು ಲೀಟರಿನದು. ಎರಡೂ ಹೊಂದುವುದಿಲ್ಲ ಅಂತ ಅವನು 'ವಸ್ತು ಬೇರೆ' ಎಂದು ಒತ್ತಿ ಹೊರಟುಹೋಗುತ್ತಾನೆ. ಕೋರಿಕೆ ರದ್ದು! ಬೇರೆ ವಸ್ತು ಕೊಟ್ಟದ್ದೇ ದೂರು, ಬೇರೆ ವಸ್ತು ಅಂತಲೇ ವಾಪಸ್ ತೆಗೆದುಕೊಳ್ಳುವುದಿಲ್ಲ. ಅವನ ತಪ್ಪೂ ಅಲ್ಲ, ಅವನಿಗೆ ಕೊಟ್ಟ ಸೂಚನೆಯೇ ಹಾಗೆ. ನೀವು ಇಮೇಲ್‌ನಲ್ಲಿ ಮೊದಲೇ ಹೇಳಿದ್ದರೆ, ಹಾಗೆ ಆದಾಗ ಅದೇ ಇಮೇಲ್‌ಗೆ ಉತ್ತರವಾಗಿ 'ಇಂಥ ದಿನ, ಇಷ್ಟು ಹೊತ್ತಿಗೆ ಬಂದು ತೆಗೆದುಕೊಳ್ಳದೆ ಹೋದರು' ಅಂತ ಒಂದು ಸಾಲು ಬರೆದರೆ ಸಾಕು.

ಫೋಟೊ ಜಾಸ್ತಿ ಬೇಡ, ಸರಿಯಾದವು ಬೇಕು. ಪೊಟ್ಟಣದ ಲೇಬಲ್, ಅದರ ಟ್ರ್ಯಾಕಿಂಗ್ ಸಂಖ್ಯೆ ಓದಲು ಬರಬೇಕು. ಒಳಗಿನ ಡಬ್ಬದ ಮೇಲೆ '3 ಲೀಟರ್' ಅಂತ ಅಚ್ಚಾಗಿರುವ ಭಾಗ. ಕುಕ್ಕರಿನ ಮೈಮೇಲೆ ಐಎಸ್ಐ ಗುರುತಿನ ಜೊತೆ ಸಾಮರ್ಥ್ಯವೂ ಇರುತ್ತದಲ್ಲ, ಅದನ್ನು ಹತ್ತಿರದಿಂದ ತೆಗೆದದ್ದು. ತಳ ಕಾಣುವ ಹಾಗೆ ಮಗುಚಿಟ್ಟದ್ದು ಒಂದು. ಇಂಡಕ್ಷನ್ ತಳ ಇದೆಯೋ ಇಲ್ಲವೋ ಅನ್ನುವುದನ್ನು ಅಲ್ಯೂಮಿನಿಯಂ ಕುಕ್ಕರಿನಲ್ಲಿ ಫ್ರಿಜ್ ಮೇಲಿನ ಮ್ಯಾಗ್ನೆಟ್ ಹಿಡಿದು ನೋಡಬಹುದು. ಅಂಟಿದರೆ ಇದೆ, ಜಾರಿ ಬಿದ್ದರೆ ಇಲ್ಲ. ಬೇಳೆ ಬೇಯಿಸಿ ನೋಡುವುದು ಮಾತ್ರ ಬೇಡ. ಒಮ್ಮೆ ಒಲೆ ಮೇಲೆ ಇಟ್ಟರೆ 'ಬಳಸಿದ ವಸ್ತು' ಅನ್ನುತ್ತಾರೆ.

ಆರ್ಡರ್ ಪುಟದ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ. ಅದರಲ್ಲಿ '5 ಲೀಟರ್, ಇಂಡಕ್ಷನ್ ತಳ' ಅನ್ನುವ ವಿವರ, ಬೆಲೆ, ಮಾರಾಟಗಾರರ ಹೆಸರು ಕಾಣಬೇಕು. ದೂರು ಹೋದ ಮೇಲೆ ಮಾರಾಟಗಾರರು ಆ ಪುಟದ ವಿವರ ತಿದ್ದಬಹುದು, ಪುಟವೇ ಮಾಯವಾಗಲೂಬಹುದು.

ಇಮೇಲ್ ಯಾರಿಗೆ? ನಿಮ್ಮ ಆ್ಯಪ್ ಬರೀ ಸಂತೆ ಮಾಳ ಇದ್ದ ಹಾಗೆ, ಅಂಗಡಿ ಇಟ್ಟವರು ಬೇರೆ. ಇನ್‌ವಾಯ್ಸ್ ಮೇಲ್ಗಡೆ ಮಾರಾಟಗಾರರ ಹೆಸರು, ವಿಳಾಸ ಇರುತ್ತದೆ. ಆ್ಯಪ್‌ನ ಕಸ್ಟಮರ್ ಕೇರ್‌ಗೂ ಮಾರಾಟಗಾರರಿಗೂ ಒಂದೇ ಇಮೇಲ್ ಒಟ್ಟಿಗೆ ಕಳಿಸಿ. ಇಲ್ಲದಿದ್ದರೆ ಇವರು ಅವರನ್ನು, ಅವರು ಇವರನ್ನು ತೋರಿಸುತ್ತಾ ಕೂರುತ್ತಾರೆ. ಇಮೇಲ್ ವಿಳಾಸವನ್ನು ಆ್ಯಪ್‌ನಿಂದ ಅಥವಾ ಇನ್‌ವಾಯ್ಸ್‌ನಿಂದಲೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವ ಕಸ್ಟಮರ್ ಕೇರ್ ನಂಬರುಗಳಲ್ಲಿ ಮೋಸದವು ಬೇಕಾದಷ್ಟಿವೆ. ಹಣ ವಾಪಸ್ ಹಾಕುತ್ತೇವೆ ಅಂತ ಒಟಿಪಿ ಕೇಳಿದರೆ, ಯಾವುದೋ ಆ್ಯಪ್ ಹಾಕಿಕೊಳ್ಳಿ ಅಂದರೆ, ಫೋನ್ ಇಟ್ಟುಬಿಡಿ. ಹಣ ಬರಲು ಒಟಿಪಿಯಾಗಲಿ ಪಿನ್ ಆಗಲಿ ಬೇಕಾಗುವುದಿಲ್ಲ. ಕಾರ್ಡಿನ ಪೂರ್ತಿ ಸಂಖ್ಯೆಯನ್ನು ಇಮೇಲ್‌ನಲ್ಲಿ ಎಂದೂ ಬರೆಯಬೇಡಿ.

ಭಾಷೆ ಯಾವುದಿರಲಿ ಅಂತಲೂ ಕೇಳುತ್ತಾರೆ. ಮಾರಾಟಗಾರರು ಹುಬ್ಬಳ್ಳಿಯವರೋ ಬೆಂಗಳೂರಿನವರೋ ಆದರೆ ಕನ್ನಡದಲ್ಲೇ ಬರೆಯಿರಿ. ಸೂರತ್, ದೆಹಲಿ ಕಡೆಯವರಾದರೆ ಇದೇ ಸಾಲುಗಳನ್ನು ಸರಳ ಇಂಗ್ಲಿಷಿನಲ್ಲಿ ಹಾಕಿದರೆ ಕೆಲಸ ಬೇಗ ಆಗುತ್ತದೆ. ಭಾರೀ ಇಂಗ್ಲಿಷ್ ಬೇಕಾಗಿಲ್ಲ. ವಸ್ತುವಿನ ಹೆಸರು ಮಾತ್ರ ಆ್ಯಪ್‌ನಲ್ಲಿ ಹೇಗಿದೆಯೋ ಹಾಗೇ ಇರಲಿ.

ಇನ್ನು ಕೋರ್ಟಿನ ಮಾತು. ಮೊದಲ ಇಮೇಲ್‌ನಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬರೆದರೆ ತಪ್ಪು ಅಂತ ಅಲ್ಲ. ನಾನಿದ್ದ ಕಡೆ 'ಕೋರ್ಟ್', 'ವಕೀಲರು' ಅನ್ನುವ ಮಾತು ಕಂಡರೆ ಆ ದೂರನ್ನು ಕಾನೂನು ವಿಭಾಗಕ್ಕೆ ದಾಟಿಸುತ್ತಿದ್ದರು. ಕೆಳಗಿನ ಹುಡುಗಿ ಹತ್ತು ನಿಮಿಷದಲ್ಲಿ ಬದಲಿ ಕುಕ್ಕರ್ ಕಳಿಸಲು ಒಪ್ಪಿಗೆ ಕೊಡಬಹುದಾಗಿದ್ದದ್ದು, ಮೇಲೆ ಹೋಗಿ ಕೂತುಬಿಡುತ್ತಿತ್ತು. ಮೊದಲ ಇಮೇಲ್‌ನಲ್ಲಿ ಬೇಕಿರುವುದು ಆ ಹುಡುಗಿಯ ಸಹಾಯ.

18ರವರೆಗೆ ಉತ್ತರ ಬರದಿದ್ದರೆ ಹೊಸ ಇಮೇಲ್ ಬರೆಯಬೇಡಿ. ಇದನ್ನೇ ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಕಳಿಸಿ. ಅವರ ಹೆಸರು, ಹುದ್ದೆ, ಸಂಪರ್ಕ ವಿವರವನ್ನು ಆ್ಯಪ್‌ನಲ್ಲಿ ಹಾಕಿರಲೇಬೇಕು, ಹೆಚ್ಚಾಗಿ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ದೂರು ತಲುಪಿದೆ ಅಂತ ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಇದೂ 2020ರ ಅದೇ ನಿಯಮಗಳಲ್ಲಿದೆ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಅದರಾಚೆ ಜಿಲ್ಲಾ ಗ್ರಾಹಕ ಆಯೋಗ. ಮಾರಾಟಗಾರ ಯಾವ ರಾಜ್ಯದಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಎರಡು ಸಾವಿರದ ಚಿಲ್ಲರೆ ಕುಕ್ಕರಿಗೆ ಅಷ್ಟು ದೂರ ಓಡಾಡುವುದು ಬಿಡುವುದು ನಿಮ್ಮ ತಾಳ್ಮೆಗೆ ಬಿಟ್ಟದ್ದು. ನನ್ನ ಅನುಭವದಲ್ಲಿ ಇಂಥವು ಬಹಳಷ್ಟು ಕುಂದುಕೊರತೆ ಅಧಿಕಾರಿಯ ಹಂತ ದಾಟುವುದಿಲ್ಲ.

ಇಮೇಲ್ ಹೋದ ಮೇಲೆ ಅವರು ಫೋನ್ ಮಾಡಿ 'ಎಲ್ಲ ಸರಿ ಮಾಡುತ್ತೇವೆ' ಅಂದರೆ ಮಾತಾಡಿ, ಆಮೇಲೆ ಅದೇ ಇಮೇಲ್‌ಗೆ ಒಂದು ಸಾಲು ಸೇರಿಸಿ: 'ಇವತ್ತು 11.30ಕ್ಕೆ ಫೋನ್ ಮಾಡಿ, 16ರೊಳಗೆ ಬದಲಿ ಕುಕ್ಕರ್ ಕಳಿಸುವುದಾಗಿ ಹೇಳಿದ್ದೀರಿ.' ವಿಷಯದ ಸಾಲನ್ನು ಬದಲಾಯಿಸಬೇಡಿ. ಬದಲಾಯಿಸಿದರೆ ಅವರ ಕಡೆ ಅದು ಹೊಸ ದೂರಾಗಿ ಬೇರೆಯವರ ಕೈಗೆ ಹೋಗಬಹುದು. ಮೂರು ಲೀಟರಿನದನ್ನು ಒಯ್ಯಲು ಬಂದಾಗ ಅಮ್ಮನಿಗೆ ಹೇಳಿಡಿ: ಡಬ್ಬಕ್ಕೆ ಹಾಕುವ ಮೊದಲು ಕುಕ್ಕರಿನ ಒಂದು ಫೋಟೊ ತೆಗೆಯಲಿ, ತೆಗೆದುಕೊಂಡು ಹೋದದ್ದಕ್ಕೆ ಮೊಬೈಲ್‌ಗೆ ಮೆಸೇಜ್ ಬಂದಿದೆಯೇ ಅಂತ ನೋಡಿದ ಮೇಲೆಯೇ ಡಬ್ಬ ಕೊಡಲಿ. ಮೆಸೇಜ್ ಬರುವುದು ಆರ್ಡರ್ ಮಾಡಿದ ನಿಮ್ಮ ನಂಬರಿಗಾದರೆ, ಆ ಹೊತ್ತಿಗೆ ನೀವು ಫೋನ್‌ನಲ್ಲಿ ಸಿಗುವ ಹಾಗೆ ಇರಿ.